ಕಂತು ಕಟ್ಟಿದ್ದೀರಿ, ಯಾರಿಗೆ?

ಏಜೆಂಟರ ಕೈಗೆ ಕೊಟ್ಟ ದುಡ್ಡು ವಿಮಾ ಕಂಪನಿಯ ಲೆಕ್ಕಕ್ಕೆ ಸೇರದಿದ್ದರೆ, ಬೀರುವಿನಲ್ಲಿರುವ ಬಾಂಡು ಬರೀ ಕಾಗದ. ರಸೀದಿ ನೋಡಿ ನೆಮ್ಮದಿಯಾಗಿರುವವರೂ ಮೋಸ ಹೋಗುತ್ತಾರೆ. ಹಾಗಾದರೆ ನೋಡಬೇಕಾದದ್ದು ಏನನ್ನು? ಒಂದೇ ಒಂದು ತಾರೀಖನ್ನು.

1987ರ ಜೂನ್ 4. ಜೀವ ವಿಮೆಯ ಏಜೆಂಟರೊಬ್ಬರು ತಮ್ಮ ಗ್ರಾಹಕರನ್ನು ಭೇಟಿಯಾದರು. ಆ ಗ್ರಾಹಕರ ಹೆಸರಿನಲ್ಲಿ ತಲಾ 25 ಸಾವಿರ ರೂಪಾಯಿಯ ನಾಲ್ಕು ಪಾಲಿಸಿಗಳಿದ್ದವು. ಅಪಘಾತದಲ್ಲಿ ಪ್ರಾಣ ಹೋದರೆ ದುಪ್ಪಟ್ಟು ಹಣ ಸಿಗುವ ಸೌಲಭ್ಯವೂ ಇತ್ತು. ಮಾರ್ಚ್‌ನಲ್ಲಿ ಕಟ್ಟಬೇಕಿದ್ದ ಅರ್ಧವಾರ್ಷಿಕ ಕಂತು ಬಾಕಿ ಉಳಿದಿತ್ತು. ಗ್ರಾಹಕರು 2,730 ರೂಪಾಯಿಗೆ ಚೆಕ್ ಬರೆದುಕೊಟ್ಟರು. ಅದು ಬೇರರ್ ಚೆಕ್. ಅಂದರೆ ಯಾರ ಕೈಯಲ್ಲಿದೆಯೋ ಅವರು ಬ್ಯಾಂಕಿಗೆ ಹೋಗಿ ನಗದು ಮಾಡಿಸಿಕೊಳ್ಳಬಹುದು.

ಮರುದಿನವೇ ಚೆಕ್ ನಗದಾಯಿತು. ಆದರೆ ಆ ಹಣ ಎಲ್‌ಐಸಿಗೆ ಹೋಗಲಿಲ್ಲ. ಜೂನ್ ಕಳೆಯಿತು, ಜುಲೈ ಕಳೆಯಿತು. ಆಗಸ್ಟ್ 9ರಂದು ಗ್ರಾಹಕರು ಅಪಘಾತಕ್ಕೆ ಸಿಕ್ಕಿ ಅದೇ ದಿನ ತೀರಿಕೊಂಡರು. ಕಂತಿನ ಹಣ ಎಲ್‌ಐಸಿಯಲ್ಲಿ ಜಮೆಯಾದದ್ದು ಆಗಸ್ಟ್ 10ರಂದು, ಸಾವಿನ ಮರುದಿನ.

ಕುಟುಂಬ ವಿಮಾ ಹಣ ಕೇಳಿತು. ಕಂತು ಕಟ್ಟದೆ ಪಾಲಿಸಿ ರದ್ದಾಗಿದೆ ಎಂದು ಎಲ್‌ಐಸಿ ನಿರಾಕರಿಸಿತು. ರಾಜ್ಯ ಗ್ರಾಹಕರ ಆಯೋಗ ಕುಟುಂಬದ ಪರ ನಿಂತಿತು, ರಾಷ್ಟ್ರೀಯ ಆಯೋಗ ಅದನ್ನು ತಿರುವಿ ಹಾಕಿತು. ಕೊನೆಗೆ 1997ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಎಲ್‌ಐಸಿಯ ವಾದವನ್ನೇ ಎತ್ತಿಹಿಡಿಯಿತು. ಏಜೆಂಟರ ಕೈಗೆ ದುಡ್ಡು ಕೊಟ್ಟರೆ ಎಲ್‌ಐಸಿಗೆ ಕೊಟ್ಟಂತಾಗುವುದಿಲ್ಲ ಎಂಬುದು ತೀರ್ಪಿನ ಸಾರ.

ಕಾರಣ ಸರಳವಾಗಿತ್ತು. ಏಜೆಂಟರ ನೇಮಕಾತಿ ಪತ್ರದಲ್ಲಿಯೇ ಹಣ ವಸೂಲಿ ಮಾಡುವ ಅಧಿಕಾರ ಅವರಿಗಿಲ್ಲ ಎಂದು ಬರೆದಿತ್ತು. 1972ರ ಏಜೆಂಟರ ನಿಯಮಗಳಲ್ಲೂ ಆ ಮಾತು ಇತ್ತು, ಅದು ಗೆಜೆಟ್‌ನಲ್ಲಿ ಪ್ರಕಟವೂ ಆಗಿತ್ತು. ಹಾಗಾಗಿ ಏಜೆಂಟರಿಗೆ ಹಣ ಕೊಟ್ಟಿದ್ದು ಗ್ರಾಹಕರ ಸ್ವಂತ ಜವಾಬ್ದಾರಿಯಾಯಿತು.

ಆ ಗ್ರಾಹಕರ ಪಾಲಿಸಿ ನಕಲಿಯಲ್ಲ, ಏಜೆಂಟರೂ ನಕಲಿಯಲ್ಲ. ದುಡ್ಡು ಕೊಟ್ಟಿದ್ದೂ ನಿಜ. ತಪ್ಪಿದ್ದು ಒಂದೇ ಕೊಂಡಿ: ಏಜೆಂಟರ ಜೇಬಿನಿಂದ ಕಂಪನಿಯ ಕೌಂಟರಿನವರೆಗಿನ ದಾರಿ.

ಮಾರ್ಚ್ ಬಂದಾಗ

ಹಣಕಾಸು ವರ್ಷದ ಕೊನೆಯ ಮೂರು ತಿಂಗಳಲ್ಲಿ ವಿಮೆಯ ಓಡಾಟ ಜೋರು. ತೆರಿಗೆ ಉಳಿಸಲು ಹೊಸ ಪಾಲಿಸಿ ಮಾಡಿಸುವವರು, ಹಳೆಯ ಕಂತಿಗೆ ದುಡ್ಡು ಹೊಂದಿಸುವವರು, ಕಚೇರಿಗೆ ರಸೀದಿ ಒಪ್ಪಿಸಬೇಕಾದವರು, ಎಲ್ಲರೂ ಅವಸರದಲ್ಲಿರುತ್ತಾರೆ. ಅಡಿಕೆ, ಕೊಬ್ಬರಿ ಮಾರಿ ಬಂದ ಹಣ ಮನೆಯಲ್ಲಿರುವ ಕಾಲವೂ ಅದೇ. ‘ನಾಳೆ ಬ್ರ್ಯಾಂಚ್ ಕಡೆ ಹೋಗ್ತಿದ್ದೀನಿ, ನಿಮ್ಮದೂ ಕಟ್ಟಿ ಬರ್ತೀನಿ ಕೊಡಿ’ ಎಂದು ಪರಿಚಯದ ಏಜೆಂಟರು ಬಾಗಿಲಿಗೆ ಬಂದರೆ ಬೇಡ ಎನ್ನುವವರು ಕಡಿಮೆ.

ನಮ್ಮ ಊರುಗಳಲ್ಲಿ ಏಜೆಂಟರೆಂದರೆ ಹೊರಗಿನವರಲ್ಲ. ನೆಂಟರು, ಶಾಲೆಯ ಮೇಷ್ಟ್ರ ಮಗ, ಸಂಘದ ಅಕ್ಕ, ಪಕ್ಕದ ಬೀದಿಯವರು. ಬಹುತೇಕರು ಪ್ರಾಮಾಣಿಕರು. ಪಾಲಿಸಿ ಚಾಲ್ತಿಯಲ್ಲಿದ್ದಷ್ಟೂ ವರ್ಷ ಅವರಿಗೆ ಕಮಿಷನ್ ಬರುವುದರಿಂದ ಕಂತು ಸರಿಯಾಗಿ ಸೇರಲಿ ಎಂದೇ ಅವರೂ ಬಯಸುತ್ತಾರೆ. ಮೋಸ ಮಾಡುವವರು ಕೆಲವರೇ ಇರಬಹುದು. ಆದರೆ ಅವರೂ ಇದೇ ಸಲುಗೆಯ ದಾರಿಯಲ್ಲಿ ಬರುತ್ತಾರೆ, ಇದೇ ಮಾತನ್ನು ಆಡುತ್ತಾರೆ. ಮುಖ ನೋಡಿ ಇವರನ್ನು ಅವರಿಂದ ಬೇರ್ಪಡಿಸಲು ಆಗುವುದಿಲ್ಲ. ಕಂಪನಿಯ ಲೆಕ್ಕ ನೋಡಿದರೆ ಮಾತ್ರ ಆಗುತ್ತದೆ.

ರಸೀದಿ ಯಾಕೆ ಸಾಲದು?

‘ರಸೀದಿ ಇದೆಯಲ್ಲ’ ಎನ್ನುವುದು ಹೆಚ್ಚಿನವರ ಧೈರ್ಯ. ಆ ಧೈರ್ಯ ಕೈಕೊಡುವುದು ಮೂರು ರೀತಿಯಲ್ಲಿ.

ಮೊದಲನೆಯದು, ರಸೀದಿಯೇ ಸುಳ್ಳಾಗಿರುವುದು. ಹಳೆಯ ರಸೀದಿಯೊಂದರ ಫೋಟೊ ತೆಗೆದು ತಾರೀಖು, ಹೆಸರು ಬದಲಿಸಿ ವಾಟ್ಸ್ಆ್ಯಪ್‌ನಲ್ಲಿ ಕಳಿಸಲು ಈಗ ಮೊಬೈಲ್ ಒಂದಿದ್ದರೆ ಸಾಕು. ಏಜೆಂಟರು ತಮ್ಮ ಡೈರಿಯ ಹಾಳೆ ಹರಿದು ‘ಕಂತು ಸಂದಿದೆ’ ಎಂದು ಸಹಿ ಮಾಡಿಕೊಟ್ಟ ಚೀಟಿಯಂತೂ ಕಂಪನಿಯ ರಸೀದಿಯೇ ಅಲ್ಲ. ಅದು ಆ ವ್ಯಕ್ತಿಗೆ ನೀವು ಹಣ ಕೊಟ್ಟಿದ್ದಕ್ಕೆ ಸಾಕ್ಷಿ, ಅಷ್ಟೇ.

ಎರಡನೆಯದು, ರಸೀದಿ ಅಸಲಿಯೇ ಆಗಿದ್ದು ಆಮೇಲೆ ಬೆಲೆ ಕಳೆದುಕೊಳ್ಳುವುದು. ಏಜೆಂಟರು ನಿಮ್ಮಿಂದ ನಗದು ತೆಗೆದುಕೊಂಡು, ಕೌಂಟರಿನಲ್ಲಿ ತಮ್ಮ ಚೆಕ್ ಕೊಡುತ್ತಾರೆ. ಕಂಪನಿ ರಸೀದಿ ಕೊಡುತ್ತದೆ, ಆದರೆ ಚೆಕ್ ನಗದಾಗುವ ಷರತ್ತಿಗೆ ಒಳಪಟ್ಟು. ಖಾತೆಯಲ್ಲಿ ಹಣವಿಲ್ಲದೆ ಚೆಕ್ ಬೌನ್ಸ್ ಆದರೆ ಆ ಜಮೆ ರದ್ದಾಗುತ್ತದೆ. ರಸೀದಿ ಮಾತ್ರ ನಿಮ್ಮ ಫೈಲಿನಲ್ಲಿ ಭದ್ರವಾಗಿ ಕೂತಿರುತ್ತದೆ.

ಮೂರನೆಯದು ಇನ್ನೂ ನಯವಾದದ್ದು. ನೀವು ವರ್ಷದ ಪೂರ್ತಿ ಕಂತು 24 ಸಾವಿರ ರೂಪಾಯಿ ಕೊಟ್ಟಿರುತ್ತೀರಿ. ಅರ್ಜಿಯಲ್ಲಿ ಏಜೆಂಟರು ‘ವಾರ್ಷಿಕ’ ಎಂಬುದರ ಬದಲು ‘ತ್ರೈಮಾಸಿಕ’ ಎಂದು ತುಂಬಿಸಿ, ಸುಮಾರು 6 ಸಾವಿರ ಕಟ್ಟಿ, ಉಳಿದದ್ದನ್ನು ಇಟ್ಟುಕೊಳ್ಳುತ್ತಾರೆ. ಬಾಂಡು ಅಸಲಿ, ಮೊದಲ ರಸೀದಿಯೂ ಅಸಲಿ. ಆದರೆ ಮೂರು ತಿಂಗಳಿಗೆ ಮುಂದಿನ ಕಂತು ಬಾಕಿ ಬಿದ್ದಿರುತ್ತದೆ. ನೀವು ಮುಂದಿನ ವರ್ಷದವರೆಗೆ ಚಿಂತೆಯಿಲ್ಲ ಎಂದುಕೊಂಡಿರುತ್ತೀರಿ.

ಈ ಮೂರೂ ಮೋಸಗಳು ಒಂದೇ ಕಡೆ ಬಯಲಾಗುತ್ತವೆ. ಕಂಪನಿಯ ಕಂಪ್ಯೂಟರಿನಲ್ಲಿ ನಿಮ್ಮ ಪಾಲಿಸಿಯ ಎದುರು ಒಂದು ತಾರೀಖು ಇರುತ್ತದೆ. ಎಲ್‌ಐಸಿ ಬ್ರ್ಯಾಂಚಿನವರ ಬಾಯಲ್ಲಿ ಅದು ‘ಎಫ್‌ಯುಪಿ’: ಇನ್ನೂ ಕಟ್ಟದೆ ಉಳಿದಿರುವ ಮೊದಲ ಕಂತಿನ ದಿನಾಂಕ. ಕಂತು ನಿಜವಾಗಿ ಸೇರಿದ್ದರೆ ಈ ತಾರೀಖು ಮುಂದಕ್ಕೆ ಸರಿಯುತ್ತದೆ. ಸೇರದಿದ್ದರೆ ನಿಂತಲ್ಲೇ ನಿಂತಿರುತ್ತದೆ. ಚೆಕ್ ಬೌನ್ಸ್ ಆಗಿ ಜಮೆ ರದ್ದಾದರೆ ಹಿಂದಕ್ಕೆ ಬರುತ್ತದೆ. ವಾರ್ಷಿಕ ಎಂದುಕೊಂಡಿದ್ದು ತ್ರೈಮಾಸಿಕವಾಗಿದ್ದರೆ, ಮುಂದಿನ ವರ್ಷದ ಬದಲು ಮೂರು ತಿಂಗಳ ನಂತರದ ದಿನವನ್ನು ತೋರಿಸುತ್ತದೆ.

ಆದ್ದರಿಂದ ಕೇಳಬೇಕಾದ ಪ್ರಶ್ನೆ ‘ಕಂತು ಕಟ್ಟಿದಿರಾ?’ ಎಂದು ಏಜೆಂಟರನ್ನಲ್ಲ. ‘ನನ್ನ ಪಾಲಿಸಿಯ ಎಫ್‌ಯುಪಿ ಯಾವುದು, ಸ್ಟೇಟಸ್ ಏನು?’ ಎಂದು ಕಂಪನಿಯನ್ನು. ಎಫ್‌ಯುಪಿ ಎನ್ನುವುದು ಎಲ್‌ಐಸಿಯವರ ಮಾತು. ಖಾಸಗಿ ಕಂಪನಿಗಳಲ್ಲಿ ‘ಮುಂದಿನ ಕಂತಿನ ದಿನಾಂಕ’ ಎಂದು ಕೇಳಿದರೆ ಅದೇ ಉತ್ತರ ಸಿಗುತ್ತದೆ.

> ಏಜೆಂಟರು ಅಸಲಿಯೇ?
>
> ● ವಿಮಾ ನಿಯಂತ್ರಣ ಪ್ರಾಧಿಕಾರ ಐಆರ್‌ಡಿಎಐನ ಏಜೆನ್ಸಿ ಪೋರ್ಟಲ್ agencyportal.irdai.gov.in ನಲ್ಲಿ ಏಜೆಂಟರನ್ನು ಹುಡುಕುವ ಸೌಲಭ್ಯವಿದೆ. ಅವರ ಗುರುತಿನ ಚೀಟಿಯಲ್ಲಿರುವ ಹೆಸರು, ಕಂಪನಿಯನ್ನು ಅಲ್ಲಿನ ದಾಖಲೆಯ ಜೊತೆ ತಾಳೆ ನೋಡಿ.
>
> ● ಒಬ್ಬ ವ್ಯಕ್ತಿಗತ ಏಜೆಂಟ್ ಒಂದೇ ಒಂದು ಜೀವ ವಿಮಾ ಕಂಪನಿಗೆ ಕೆಲಸ ಮಾಡಬಹುದು. ‘ಎಲ್ಲ ಕಂಪನಿಯ ಜೀವ ವಿಮೆಯೂ ನನ್ನಲ್ಲಿದೆ’ ಎನ್ನುವವರು ಬ್ರೋಕರ್ ಅಥವಾ ಅಂಥ ಪರವಾನಗಿ ಇರುವ ಸಂಸ್ಥೆಯ ಕಡೆಯವರಾಗಿರಬೇಕು. ಆ ಪರವಾನಗಿ ಕೇಳಿ ನೋಡಿ.
>
> ● ‘ಮೊದಲ ಕಂತಿನಲ್ಲಿ ಅರ್ಧ ನಾನೇ ಹಾಕ್ತೀನಿ’ ಎಂದರೆ ಎಚ್ಚರ. ಕಮಿಷನ್ ಹಂಚಿ ಪಾಲಿಸಿ ಮಾರುವುದನ್ನು ವಿಮಾ ಕಾಯ್ದೆಯ 41ನೇ ಕಲಂ ನಿಷೇಧಿಸಿದೆ.
>
> ● ಐಆರ್‌ಡಿಎಐ ಯಾರಿಗೂ ಫೋನ್ ಮಾಡಿ ಪಾಲಿಸಿ ಮಾರುವುದಿಲ್ಲ, ಬೋನಸ್ ಘೋಷಿಸುವುದಿಲ್ಲ. ಹಾಗೆಂದು ಕರೆ ಬಂದರೆ ಅದು ವಂಚನೆಯೇ.

ಮಗಳು ಬಾಂಡು ತೆಗೆದಾಗ

ತಾರೀಖಿನ ಮಹತ್ವ ತಿಳಿಯಲು ಒಂದು ಉದಾಹರಣೆ ಕಟ್ಟಿಕೊಂಡು ನೋಡೋಣ. ತಿಪಟೂರಿನ ಕಡೆಯ ಒಬ್ಬ ತಾಯಿ. 2020ರ ಮಾರ್ಚ್‌ನಲ್ಲಿ 5 ಲಕ್ಷ ರೂಪಾಯಿಯ, 20 ವರ್ಷದ ಎಂಡೋಮೆಂಟ್ ಪಾಲಿಸಿ ಮಾಡಿಸಿದ್ದಾರೆ. ಲೆಕ್ಕ ಸುಲಭವಾಗಲೆಂದು, ತೆರಿಗೆ ಬಿಟ್ಟು ವರ್ಷಕ್ಕೆ 25 ಸಾವಿರ ಕಂತು ಎಂದಿಟ್ಟುಕೊಳ್ಳಿ. ಪ್ರತಿ ಮಾರ್ಚ್‌ನಲ್ಲೂ ಏಜೆಂಟರು ಮನೆಗೆ ಬಂದು ನಗದು ಪಡೆದಿದ್ದಾರೆ. ಆರು ಸಲ ಕೊಟ್ಟ ನೆನಪು ತಾಯಿಗಿದೆ.

2025ರ ಡಿಸೆಂಬರ್‌ನಲ್ಲಿ ಊರಿಗೆ ಬಂದ ಮಗಳು ಬೀರುವಿನಿಂದ ಬಾಂಡು ತೆಗೆಯುತ್ತಾಳೆ. ಮೊದಲು ಕಾಗದವನ್ನೇ ಓದುತ್ತಾಳೆ. ಪಾಲಿಸಿ ಸಂಖ್ಯೆ ಒಂಬತ್ತು ಅಂಕಿಯದು, ಎಲ್‌ಐಸಿಗೆ ಸರಿಯಾಗಿದೆ. ಪ್ರತಿ ವಿಮಾ ಯೋಜನೆಗೂ ಐಆರ್‌ಡಿಎಐ ಕೊಡುವ ಯುಐಎನ್ ಎಂಬ ಗುರುತು ಇರುತ್ತದೆ, ಎಲ್‌ಐಸಿಯ ಯೋಜನೆಗಳದು 512ರಿಂದ ಶುರುವಾಗುತ್ತದೆ. ಅದೂ ಇದೆ. ಕಂತಿನ ವಿಧಾನ ‘ವಾರ್ಷಿಕ’ ಎಂದೇ ಇದೆ. ಹೆಸರು, ಹುಟ್ಟಿದ ದಿನ, ನಾಮಿನಿ ಎಲ್ಲ ಸರಿ.

‘ನೋಡಮ್ಮ, ಬಾಂಡು ಅಸಲಿ ಅನ್ಸುತ್ತೆ. ದುಡ್ಡು ಹೋಗಿದ್ಯಾ ನೋಡೋಣ’ ಎಂದು ಎಲ್‌ಐಸಿಯ ಜಾಲತಾಣ licindia.in ನಲ್ಲಿ ನೋಂದಾಯಿಸಲು ಕೂರುತ್ತಾಳೆ. ಅಲ್ಲಿ ಮೊದಲ ತಡೆ ಎದುರಾಗುತ್ತದೆ. ತಾಯಿಯ ಮೊಬೈಲ್ ನಂಬರ್ ಕೊಟ್ಟರೆ ದಾಖಲೆಯೊಂದಿಗೆ ಹೊಂದುತ್ತಿಲ್ಲ. ಎಲ್‌ಐಸಿಯ ವಾಟ್ಸ್ಆ್ಯಪ್ ಸೇವೆಯ 8976862090ಕ್ಕೆ ತಾಯಿಯ ಫೋನಿನಿಂದ ಸಂದೇಶ ಕಳಿಸಿದರೂ ಪಾಲಿಸಿಯ ವಿವರ ಬರುವುದಿಲ್ಲ.

ಇದನ್ನು ‘ಸರ್ವರ್ ಸಮಸ್ಯೆ’ ಎಂದು ಬಿಟ್ಟುಬಿಡಬಾರದು. ಅರ್ಜಿ ತುಂಬುವಾಗ ಗ್ರಾಹಕರ ನಂಬರಿನ ಬದಲು ಏಜೆಂಟರು ತಮ್ಮದೋ ಇನ್ನಾರದೋ ನಂಬರ್ ಬರೆದಿದ್ದರೆ ಹೀಗಾಗುತ್ತದೆ. ಕೆಲವೊಮ್ಮೆ ಅದು ಅನುಕೂಲಕ್ಕೆ ಮಾಡಿದ್ದು. ಮೊಬೈಲ್ ಬಳಸದ ಹಿರಿಯರ ಪಾಲಿಸಿಗಳಲ್ಲಿ ಇದು ಸಾಮಾನ್ಯ. ಉದ್ದೇಶ ಏನೇ ಇರಲಿ, ಪರಿಣಾಮ ಒಂದೇ. ಕಂತು ಬಾಕಿ ಇದೆ ಎಂಬ ಸಂದೇಶ, ಪಾಲಿಸಿ ನಿಂತುಹೋಗಿದೆ ಎಂಬ ಸಂದೇಶ, ಎಲ್ಲವೂ ಹೋಗುವುದು ಆ ನಂಬರಿಗೆ. ಮೋಸ ವರ್ಷಗಟ್ಟಲೆ ಬಯಲಾಗದೆ ಉಳಿಯಲು ದೊಡ್ಡ ಕಾರಣ ಇದೇ.

ಮಗಳು ತಾಯಿಯನ್ನು ಕರೆದುಕೊಂಡು ಬ್ರ್ಯಾಂಚಿಗೆ ಹೋಗುತ್ತಾಳೆ. ಜೊತೆಗೆ ಬಾಂಡು, ಆಧಾರ್, ಪ್ಯಾನ್. ಕೌಂಟರಿನಲ್ಲಿ ಪಾಲಿಸಿಯ ಸ್ಟೇಟಸ್ ರಿಪೋರ್ಟ್ ಕೇಳುತ್ತಾಳೆ. ಎಫ್‌ಯುಪಿ: ಮಾರ್ಚ್ 2023. ಸ್ಟೇಟಸ್: ಪೇಡ್‌ಅಪ್.

ಅಂದರೆ 2020, 2021, 2022ರ ಮೂರು ಕಂತು ಮಾತ್ರ ಸೇರಿವೆ. 2023, 2024, 2025ರಲ್ಲಿ ತಾಯಿ ಕೊಟ್ಟ 75 ಸಾವಿರ ರೂಪಾಯಿ ಕಂಪನಿಗೆ ಮುಟ್ಟಿಲ್ಲ.

ನಷ್ಟ ಆ 75 ಸಾವಿರಕ್ಕೆ ನಿಲ್ಲುವುದಿಲ್ಲ. ಪೇಡ್‌ಅಪ್ ಎಂದರೆ ಪಾಲಿಸಿ ಪೂರ್ತಿ ಸತ್ತಿಲ್ಲ, ಆದರೆ ಕಟ್ಟಿದ ಕಂತುಗಳಿಗೆ ತಕ್ಕಷ್ಟಕ್ಕೆ ಕುಗ್ಗಿದೆ. 20ರಲ್ಲಿ 3 ಕಂತು ಸೇರಿರುವುದರಿಂದ 5 ಲಕ್ಷದ ವಿಮೆ ಈಗ 75 ಸಾವಿರಕ್ಕೆ ಇಳಿದಿದೆ. ಅಲ್ಲಿಯವರೆಗೆ ಸೇರಿದ ಬೋನಸ್ ಇರುತ್ತದೆ, ಮುಂದಿನ ಬೋನಸ್ ಇಲ್ಲ. ಈ ಮೂರು ವರ್ಷಗಳಲ್ಲಿ ತಾಯಿಗೆ ಏನಾದರೂ ಆಗಿದ್ದರೆ, 5 ಲಕ್ಷ ಬರುತ್ತದೆಂದು ನಂಬಿದ್ದ ಮನೆಗೆ ಬರುತ್ತಿದ್ದುದು ಇಷ್ಟೇ. ಮೊದಲ ಕಂತು ಕಟ್ಟಿದ ಮೇಲೆ ಎರಡನೆಯದೇ ಸೇರದಿದ್ದರೆ ಪಾಲಿಸಿ ಪೇಡ್‌ಅಪ್ ಕೂಡ ಆಗುತ್ತಿರಲಿಲ್ಲ, ‘ಲ್ಯಾಪ್ಸ್’ ಎಂದು ತೋರಿಸುತ್ತಿತ್ತು.

ಒಂದು ಸಮಾಧಾನವಿದೆ. ಇಂಥ ಪಾಲಿಸಿಯನ್ನು ಮೊದಲ ಬಾಕಿ ಕಂತಿನಿಂದ ಐದು ವರ್ಷದೊಳಗೆ ಪುನಶ್ಚೇತನಗೊಳಿಸಬಹುದು. ಇಲ್ಲಿ ಗಡುವು 2028ರ ಮಾರ್ಚ್. ಬಾಕಿ ಮೂರು ಕಂತನ್ನು ಬಡ್ಡಿ ಸಮೇತ ಕಟ್ಟಿ, ಆರೋಗ್ಯದ ಘೋಷಣೆ ಕೊಡಬೇಕು. ಕಂಪನಿ ಕೇಳಿದರೆ ವೈದ್ಯಕೀಯ ಪರೀಕ್ಷೆಯೂ ಆಗಬೇಕು. ಈ ನಡುವೆ ತಾಯಿಗೆ ಸಕ್ಕರೆ ಕಾಯಿಲೆಯೋ ಹೃದಯದ ತೊಂದರೆಯೋ ಬಂದಿದ್ದರೆ ಕಂಪನಿ ಒಪ್ಪದೆಯೂ ಇರಬಹುದು. ಅಂದರೆ ಮೋಸ ತಡವಾಗಿ ತಿಳಿದಷ್ಟೂ ಸರಿಪಡಿಸುವುದು ಕಷ್ಟ.

ಬ್ರ್ಯಾಂಚಿನಿಂದ ಹೊರಡುವ ಮುಂಚೆ ಮಗಳು ಇನ್ನೊಂದು ಕೆಲಸ ಮಾಡುತ್ತಾಳೆ. ದಾಖಲೆಯಲ್ಲಿದ್ದ ಮೊಬೈಲ್ ನಂಬರ್ ತೆಗೆಸಿ ತಾಯಿಯದನ್ನು ಹಾಕಿಸುತ್ತಾಳೆ, ವಿಳಾಸವನ್ನೂ ಸರಿಮಾಡಿಸುತ್ತಾಳೆ. ಇನ್ನು ಮೇಲೆ ಕಂಪನಿಯ ಮಾತು ನೇರ ಮನೆಗೇ ಬರುತ್ತದೆ.

ದುಡ್ಡು ಹೋಗುವ ದಾರಿ

ಪರಿಶೀಲನೆಗಿಂತ ಒಂದು ಹೆಜ್ಜೆ ಮುಂಚೆಯೇ ಎಚ್ಚರ ವಹಿಸಬಹುದು. ಕಂತಿನ ಹಣ ಯಾರ ಹೆಸರಿಗೆ ಹೋಗುತ್ತಿದೆ ಎಂದು ಕೊಡುವ ಹೊತ್ತಿನಲ್ಲೇ ನೋಡಿದರೆ ಮುಂದಿನ ತೊಂದರೆಗಳು ಹುಟ್ಟುವುದೇ ಇಲ್ಲ.

ಚೆಕ್ ಆದರೆ ಕಂಪನಿಯ ಹೆಸರಿಗೇ ಬರೆದು, ಎಡ ಮೂಲೆಯಲ್ಲಿ ಎರಡು ಗೆರೆ ಎಳೆದು ‘ಅಕೌಂಟ್ ಪೇಯಿ’ ಎಂದು ಬರೆಯಿರಿ. ಹಿಂಬದಿಯಲ್ಲಿ ಪಾಲಿಸಿ ಸಂಖ್ಯೆ, ಹೆಸರು, ಫೋನ್ ನಂಬರ್ ಇರಲಿ. 1987ರ ಆ ಚೆಕ್ ಹೀಗೆ ಬರೆದದ್ದಾಗಿದ್ದರೆ ಏಜೆಂಟರಿಗೆ ಅದನ್ನು ನಗದು ಮಾಡಿಕೊಳ್ಳಲು ಆಗುತ್ತಿರಲಿಲ್ಲ. ಚೆಕ್ ತಲುಪಿಸುವ ಕೆಲಸವನ್ನು ಏಜೆಂಟರಿಗೇ ಒಪ್ಪಿಸಿದರೂ ಹಣ ಮಾತ್ರ ಕಂಪನಿಯ ಖಾತೆಗೇ ಹೋಗುತ್ತಿತ್ತು.

ಯುಪಿಐ ಬಂದ ಮೇಲೆ ಹೊಸದೊಂದು ಭ್ರಮೆ ಹುಟ್ಟಿದೆ: ‘ಆನ್‌ಲೈನ್‌ನಲ್ಲಿ ಕೊಟ್ಟಿದ್ದೀನಿ, ದಾಖಲೆ ಇದೆ.’ ಏಜೆಂಟರ ನಂಬರಿಗೆ ಅಥವಾ ಅವರ ಸ್ವಂತ ಕ್ಯೂಆರ್ ಕೋಡಿಗೆ ಹಣ ಕಳಿಸಿದರೆ ಅದು ಅವರ ಕೈಗೆ ನೋಟು ಕೊಟ್ಟದ್ದಕ್ಕೆ ಸಮ. ಪಿನ್ ಒತ್ತುವ ಮುನ್ನ ಪರದೆಯಲ್ಲಿ ಹಣ ಪಡೆಯುವವರ ಹೆಸರು ಕಾಣುತ್ತದೆ. ಅಲ್ಲಿ ವಿಮಾ ಕಂಪನಿಯ ಹೆಸರು ಇರಬೇಕು. ವ್ಯಕ್ತಿಯ ಹೆಸರು, ಅಂಗಡಿಯ ಹೆಸರು, ‘ಇನ್ಶೂರೆನ್ಸ್ ಸರ್ವಿಸಸ್’ ಎಂಬಂಥ ಹೆಸರು ಬಂದರೆ ಅಲ್ಲೇ ನಿಲ್ಲಿಸಿ. ಕಂಪನಿಯ ಜಾಲತಾಣದಲ್ಲೋ ಆ್ಯಪ್‌ನಲ್ಲೋ ಪಾಲಿಸಿ ಸಂಖ್ಯೆ ಹಾಕಿ ಕಟ್ಟಿದರೆ ಹಣ ನೇರವಾಗಿ ಆ ಪಾಲಿಸಿಯ ಲೆಕ್ಕಕ್ಕೇ ಸೇರುತ್ತದೆ.

ನಗದಲ್ಲೇ ಕೊಡಬೇಕಾದವರೂ ಇದ್ದಾರೆ. ಅವರಿಗೆ ಬ್ರ್ಯಾಂಚಿನ ಕೌಂಟರ್ ಇದೆ. ಎಲ್‌ಐಸಿಯು ಕೆಲವು ಏಜೆಂಟರಿಗೆ ಹಣ ಸ್ವೀಕರಿಸುವ ಅಧಿಕಾರ ಕೊಟ್ಟು ‘ಪ್ರೀಮಿಯಂ ಪಾಯಿಂಟ್’ ಮಾಡಿದೆ. ಅಲ್ಲಿ ದುಡ್ಡು ಕೊಟ್ಟ ತಕ್ಷಣ ಕಂಪ್ಯೂಟರ್ ರಸೀದಿ ಸಿಗುತ್ತದೆ. ‘ರಸೀದಿ ನಾಳೆ ತಂದುಕೊಡ್ತೀನಿ’ ಎನ್ನುವವರು ಪ್ರೀಮಿಯಂ ಪಾಯಿಂಟ್ ಅಲ್ಲ.

ಏಜೆಂಟರು ಹಣ ವಸೂಲಿ ಮಾಡಿದ್ದರೆ ಎಷ್ಟು ದಿನದಲ್ಲಿ ಕಟ್ಟಬೇಕು ಎಂಬುದಕ್ಕೂ ಕಾನೂನಿನಲ್ಲಿ ಅಳತೆ ಇದೆ. 1938ರ ವಿಮಾ ಕಾಯ್ದೆಯ 64-ವಿಬಿ ಕಲಂ ಪ್ರಕಾರ ರಜಾದಿನ ಬಿಟ್ಟು 24 ಗಂಟೆಯೊಳಗೆ, ತಮ್ಮ ಕಮಿಷನ್ ಕಳೆಯದೆ, ಪೂರ್ತಿ ಹಣವನ್ನು ಕಂಪನಿಗೆ ಒಪ್ಪಿಸಬೇಕು. ‘ತಿಂಗಳ ಕೊನೆಗೆ ಎಲ್ಲರದ್ದೂ ಸೇರಿಸಿ ಕಟ್ಟುತ್ತೇನೆ’ ಎನ್ನುವ ಮಾತಿಗೆ ಇಲ್ಲಿ ಜಾಗವಿಲ್ಲ.

ಇನ್ನೊಂದು ಸುಲಭದ ಪರೀಕ್ಷೆ 2025ರಿಂದ ಸಿಕ್ಕಿದೆ. ಆ ವರ್ಷದ ಸೆಪ್ಟೆಂಬರ್ 22ರಿಂದ ವ್ಯಕ್ತಿಗತ ಜೀವ ವಿಮೆ ಮತ್ತು ಆರೋಗ್ಯ ವಿಮೆಯ ಕಂತಿನ ಮೇಲೆ ಜಿಎಸ್‌ಟಿ ಇಲ್ಲ. ಅದಕ್ಕೂ ಮುಂಚೆ ಎಂಡೋಮೆಂಟ್ ಪಾಲಿಸಿಗೆ ಮೊದಲ ವರ್ಷ ಶೇ 4.5, ಆಮೇಲೆ ಶೇ 2.25 ತೆರಿಗೆ ಇತ್ತು. ಟರ್ಮ್ ಪಾಲಿಸಿ ಮತ್ತು ಆರೋಗ್ಯ ವಿಮೆಗೆ ಶೇ 18 ಇತ್ತು. ಈಗಲೂ ‘ಜಿಎಸ್‌ಟಿ ಸೇರಿ ಇಷ್ಟು’ ಎಂದು ಹಳೆಯ ಮೊತ್ತವನ್ನೇ ಕೇಳುವವರಿದ್ದರೆ, ಆ ಹೆಚ್ಚಿನ ಹಣ ಎಲ್ಲಿಗೆ ಹೋಗುತ್ತದೆ ಎಂದು ಕೇಳುವ ಹಕ್ಕು ನಿಮಗಿದೆ.

> ವಾಹನದ ವಿಮೆಯಾದರೆ
>
> ● ನಕಲಿ ಪಾಲಿಸಿ ಇನ್ನೂ ಸುಲಭವಾಗಿ ನುಸುಳುವುದು ಇಲ್ಲಿ. ಪೊಲೀಸರಿಗೆ ತೋರಿಸಲು ಒಂದು ಕಾಗದ ಸಾಕೆಂದು ಹೆಚ್ಚಿನವರು ಅದನ್ನು ಓದುವುದೇ ಇಲ್ಲ.
>
> ● ಥರ್ಡ್ ಪಾರ್ಟಿ ವಿಮೆಯ ದರವನ್ನು ನಿಗದಿಪಡಿಸುವುದು ಸರ್ಕಾರ. 75 ಸಿಸಿ ಮೀರಿದ, 150 ಸಿಸಿವರೆಗಿನ ದ್ವಿಚಕ್ರ ವಾಹನಕ್ಕೆ 2022ರ ಜೂನ್‌ನಲ್ಲಿ ಗೊತ್ತಾದ ವರ್ಷದ ದರ 714 ರೂಪಾಯಿ, ಜಿಎಸ್‌ಟಿ ಬೇರೆ. ‘400ಕ್ಕೆ ಮಾಡಿಸಿಕೊಡ್ತೀನಿ’ ಎಂದರೆ ಅದು ರಿಯಾಯಿತಿಯಲ್ಲ, ನಕಲಿ.
>
> ● ಎಂಪರಿವಾಹನ್ ಆ್ಯಪ್‌ನಲ್ಲಿ ಗಾಡಿ ನಂಬರ್ ಹಾಕಿದರೆ ವಿಮೆ ಎಲ್ಲಿಯವರೆಗೆ ಇದೆ ಎಂದು ಕಾಣುತ್ತದೆ. ಪಾಲಿಸಿ ಪಡೆದು ಕೆಲವು ದಿನ ಕಳೆದರೂ ಹಳೆಯ ತಾರೀಖೇ ಇದ್ದರೆ, ಕಂಪನಿಯ ಜಾಲತಾಣದಲ್ಲಿ ಪಾಲಿಸಿ ಸಂಖ್ಯೆ ಹಾಕಿ ನೋಡಿ ಅಥವಾ ಅವರ ಕಚೇರಿಗೆ ಫೋನ್ ಮಾಡಿ.
>
> ● ಪಾಲಿಸಿಯ ಮೇಲೆ ಅಚ್ಚಾಗಿರುವ ಫೋನ್ ನಂಬರಿಗೆ ಮಾತ್ರ ಕರೆ ಮಾಡಬೇಡಿ. ನಕಲಿ ಕಾಗದದಲ್ಲಿ ನಕಲಿ ನಂಬರೇ ಇರುತ್ತದೆ.
>
> ● ಅಪಘಾತವಾಗಿ ಪಾಲಿಸಿ ನಕಲಿ ಎಂದು ತಿಳಿದರೆ, ನ್ಯಾಯಮಂಡಳಿ ಆದೇಶಿಸುವ ಪರಿಹಾರದ ಹೊರೆ ಗಾಡಿಯ ಮಾಲೀಕರ ಮೇಲೆ ಬೀಳಬಹುದು.

ಕೇಳಲು ಸಂಕೋಚ ಬೇಡ

ಇಷ್ಟೆಲ್ಲ ಗೊತ್ತಿದ್ದೂ ಜನ ಪರಿಶೀಲಿಸದಿರಲು ಕಾರಣ ಅಜ್ಞಾನವಲ್ಲ, ದಾಕ್ಷಿಣ್ಯ. ಹತ್ತು ವರ್ಷದಿಂದ ಮನೆಗೆ ಬಂದು ಕಾಫಿ ಕುಡಿದು ಹೋಗುವವರನ್ನು ಅನುಮಾನಿಸಿದಂತಾಗುತ್ತದೆ ಎಂಬ ಅಳುಕು. ನಾವೇ ನೇರ ಕಟ್ಟಿದರೆ ಅವರ ಹೊಟ್ಟೆಗೆ ಹೊಡೆದಂತೆ ಎಂಬ ಭಾವನೆಯೂ ಇದೆ.

ಎರಡನೆಯದು ತಪ್ಪು ತಿಳಿವಳಿಕೆ. ಏಜೆಂಟರ ಮೂಲಕ ಮಾಡಿಸಿದ ಎಲ್‌ಐಸಿ ಪಾಲಿಸಿಗೆ ನೀವು ಆನ್‌ಲೈನ್‌ನಲ್ಲಿ ಕಂತು ಕಟ್ಟಿದರೂ, ಕೌಂಟರಿನಲ್ಲಿ ಕಟ್ಟಿದರೂ ಅವರಿಗೆ ಬರಬೇಕಾದ ಕಮಿಷನ್ ಬಂದೇ ಬರುತ್ತದೆ. ಪಾಲಿಸಿ ಅವರ ಕೋಡಿನಲ್ಲಿಯೇ ಇರುತ್ತದೆ. ಆದ್ದರಿಂದ ‘ಅಣ್ಣಾ, ಈ ಸಲ ನಾವೇ ಫೋನ್‌ನಲ್ಲಿ ಕಟ್ತೀವಿ, ನಿಮಗೆ ಓಡಾಟ ಉಳಿಯುತ್ತೆ’ ಎಂದರೆ ಪ್ರಾಮಾಣಿಕ ಏಜೆಂಟರಿಗೆ ಸಂತೋಷವೇ. ಆ ಮಾತಿಗೆ ಮುಖ ಸಪ್ಪೆಯಾದರೆ, ‘ಬೇಡ, ಬೇಡ, ನನ್ನ ಕೈಗೇ ಕೊಡಿ’ ಎಂದು ಒತ್ತಾಯಿಸಿದರೆ, ಅದೇ ದಿನ ಎಫ್‌ಯುಪಿ ನೋಡಲು ಅದಕ್ಕಿಂತ ದೊಡ್ಡ ಕಾರಣ ಬೇಕಿಲ್ಲ.

ಹೊಸ ಪಾಲಿಸಿ ಮಾಡಿಸುವವರಿಗೂ ಒಂದು ರಕ್ಷಣೆ ಬಂದಿದೆ. 2025ರ ಮಾರ್ಚ್‌ನಿಂದ ಜೀವ ಮತ್ತು ಆರೋಗ್ಯ ವಿಮೆಗೆ ‘ಬಿಮಾ ಆಸ್ಬಾ’ ಎಂಬ ವ್ಯವಸ್ಥೆ ಇದೆ. ಯುಪಿಐ ಮೂಲಕ ನಿಮ್ಮ ಖಾತೆಯಲ್ಲೇ ಕಂತಿನ ಹಣವನ್ನು ತಡೆಹಿಡಿಯಲಾಗುತ್ತದೆ. ಕಂಪನಿ ನಿಮ್ಮ ಅರ್ಜಿ ಒಪ್ಪಿದ ಮೇಲಷ್ಟೇ ಅದು ಕಂಪನಿಗೆ ಹೋಗುತ್ತದೆ, ಒಪ್ಪದಿದ್ದರೆ ನಿಮಗೇ ಬಿಡುಗಡೆಯಾಗುತ್ತದೆ. ನಡುವೆ ಯಾರ ಕೈಗೂ ದುಡ್ಡು ಬರುವುದಿಲ್ಲ. ಈ ಆಯ್ಕೆ ಇದೆಯೇ ಎಂದು ಅರ್ಜಿ ತುಂಬುವಾಗಲೇ ಕೇಳಿ. ಬಾಂಡು ಕೈಸೇರಿದ ಮೇಲೂ 30 ದಿನ ನಿಮ್ಮವು. ಷರತ್ತು ಒಪ್ಪಿಗೆಯಾಗದಿದ್ದರೆ ಆ ಅವಧಿಯಲ್ಲಿ ಪಾಲಿಸಿ ಹಿಂದಿರುಗಿಸಬಹುದು. ಕಂತಿನ ವಿಧಾನ, ಮೊಬೈಲ್ ನಂಬರ್, ಅವಧಿ, ಮೊತ್ತ ಇವನ್ನು ಓದಿ ನೋಡಲು ಆ 30 ದಿನ ಸಾಕಷ್ಟಾಯಿತು.

> ಮೋಸ ಗೊತ್ತಾದ ದಿನ
>
> ● ಏಜೆಂಟರ ಜೊತೆ ಜಗಳಕ್ಕೆ ನಿಲ್ಲುವ ಮುಂಚೆ ಸ್ಟೇಟಸ್ ರಿಪೋರ್ಟ್ ಪಡೆಯಿರಿ. ಅವರು ಕೊಟ್ಟ ಚೀಟಿ, ವಾಟ್ಸ್ಆ್ಯಪ್ ಸಂದೇಶ, ಯುಪಿಐ ದಾಖಲೆ ಎಲ್ಲವನ್ನೂ ತೆಗೆದಿಡಿ.
>
> ● ಕಂಪನಿಯ ಬ್ರ್ಯಾಂಚಿಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ಅದೇ ದಿನ ಪುನಶ್ಚೇತನಕ್ಕೆ ಎಷ್ಟು ಕಟ್ಟಬೇಕೆಂದು ಕೇಳಿ. ವಿಚಾರಣೆ ಮುಗಿಯಲೆಂದು ಕಾಯಬೇಡಿ, ಅಷ್ಟರಲ್ಲಿ ಗಡುವು ಮೀರಬಹುದು.
>
> ● ಪರಿಹಾರ ಸಿಗದಿದ್ದರೆ ಐಆರ್‌ಡಿಎಐನ ಬಿಮಾ ಭರೋಸಾ: bimabharosa.irdai.gov.in, ಸಹಾಯವಾಣಿ 155255.
>
> ● ಕಂಪನಿ 30 ದಿನದಲ್ಲಿ ಉತ್ತರಿಸದಿದ್ದರೆ ಅಥವಾ ಉತ್ತರ ಒಪ್ಪಿಗೆಯಾಗದಿದ್ದರೆ ವಿಮಾ ಒಂಬುಡ್ಸ್‌ಮನ್. ಕರ್ನಾಟಕಕ್ಕೆ ಬೆಂಗಳೂರಿನ ಜೆ.ಪಿ. ನಗರದ ಜೀವನ್ ಸೌಧದಲ್ಲಿ ಕಚೇರಿ ಇದೆ. ಶುಲ್ಕವಿಲ್ಲ, ವಕೀಲರು ಬೇಕಿಲ್ಲ.
>
> ● ಹಣ ಲಪಟಾಯಿಸಿದ್ದು, ರಸೀದಿ ತಿದ್ದಿದ್ದು ಅಪರಾಧ. ಪೊಲೀಸ್ ಠಾಣೆಯಲ್ಲಿ ದೂರು ಕೊಡಿ. ಆನ್‌ಲೈನ್ ವಂಚನೆಯಾದರೆ ತಕ್ಷಣ 1930ಕ್ಕೆ ಕರೆ ಮಾಡಿ.

ವರ್ಷಕ್ಕೆ ಎರಡು ಸಲ

ಪರಿಶೀಲನೆಗೆ ಎರಡು ದಿನ ಗೊತ್ತುಮಾಡಿಕೊಂಡರೆ ಸಾಕು. ಒಂದು, ಕಂತು ಕಟ್ಟಿದ ಒಂದು ವಾರದ ಮೇಲೆ. ಅಷ್ಟರಲ್ಲಿ ಚೆಕ್ ಬೌನ್ಸ್ ಆಗಿದ್ದರೂ ತಿಳಿದಿರುತ್ತದೆ. ಇನ್ನೊಂದು, ಕಚೇರಿಗೋ ತೆರಿಗೆ ಲೆಕ್ಕಕ್ಕೋ ದಾಖಲೆ ಒಪ್ಪಿಸುವಾಗ. ಆಗ ಏಜೆಂಟರು ಕಳಿಸಿದ ಫೋಟೊ ಬೇಡ. ವರ್ಷವಿಡೀ ಕಟ್ಟಿದ ಕಂತಿನ ಪ್ರಮಾಣಪತ್ರವನ್ನು ಕಂಪನಿಯ ಜಾಲತಾಣದಿಂದ ನೀವೇ ಇಳಿಸಿಕೊಳ್ಳಿ. ಅದು ಸಿಗದಿದ್ದರೆ ಅದೇ ಒಂದು ಸೂಚನೆ.

ಜಾಲತಾಣ ಬಳಸಲು ಬಾರದವರು ಎಲ್‌ಐಸಿಯ 022-68276827ಕ್ಕೆ ಕರೆ ಮಾಡಿ ಪಾಲಿಸಿ ಸಂಖ್ಯೆ ಹೇಳಿ ಕೇಳಬಹುದು, ಇಲ್ಲವೇ ಹತ್ತಿರದ ಬ್ರ್ಯಾಂಚಿಗೆ ಹೋಗಬಹುದು. ಹೆತ್ತವರ ಪಾಲಿಸಿಗಳನ್ನು ಈ ತಿಂಗಳಲ್ಲೇ ಒಮ್ಮೆ ನೋಡಿ. ಮೊಬೈಲ್ ಬಳಸದವರು, ನಗದಲ್ಲೇ ವ್ಯವಹರಿಸುವವರು, ದಾಕ್ಷಿಣ್ಯಕ್ಕೆ ಬೇಗ ಬಸಿರಾಗುವವರು ಅವರೇ.

ಪಾಲಿಸಿದಾರರು ಬದುಕಿರುವಾಗ ಎಫ್‌ಯುಪಿ ಹಿಂದೆ ಬಿದ್ದಿರುವುದು ತಿಳಿದರೆ ಬಾಕಿ ಕಟ್ಟಬಹುದು, ಏಜೆಂಟರನ್ನು ಎದುರಿಗೆ ಕೂರಿಸಿ ಕೇಳಬಹುದು, ಯಾವ ಮಾರ್ಚ್‌ನಲ್ಲಿ ಎಷ್ಟು ಕೊಟ್ಟೆ ಎಂದು ಪಾಲಿಸಿದಾರರೇ ಸಾಕ್ಷಿ ಹೇಳಬಹುದು. ಅವರು ಹೋದ ಮೇಲೆ ಆ ಸಾಕ್ಷಿಯೂ ಹೋಗುತ್ತದೆ. ಆಗ ಕ್ಲೈಮ್ ಮೇಜಿನ ಮೇಲೆ ಉಳಿಯುವುದು ಕಂಪನಿಯ ಲೆಕ್ಕದಲ್ಲಿರುವ ಆ ಒಂದು ತಾರೀಖು ಮಾತ್ರ. ಅದನ್ನು ಮುಂದಕ್ಕೆ ಸರಿಸಲು ಆಮೇಲೆ ಯಾರಿಂದಲೂ ಆಗುವುದಿಲ್ಲ.